ಪ್ರಶ್ನೋತ್ತರ: ಪೆನ್ ಇನ್ಸುಲಿನ್ ಸಿಗುತ್ತಿಲ್ಲ, ಏನು ಮಾಡಲಿ?

ಹರಿಹರದ ಸದಸ್ಯೆ: ಸಾರ್, ಅಮ್ಮನಿಗೆ 30/70 ಇನ್ಸುಲಿನ್ ಪೆನ್‌ನಲ್ಲಿ ಹಾಕುತ್ತೇವೆ. ಬೆಳಿಗ್ಗೆ 24, ರಾತ್ರಿ 14 ಯೂನಿಟ್. ನಾಲ್ಕು ಮೆಡಿಕಲ್ ಸುತ್ತಿದೆ, ಕಾರ್ಟ್ರಿಡ್ಜ್ ಎಲ್ಲೂ ಇಲ್ಲ. ಮನೆಯಲ್ಲಿ ಇರೋದು ಎರಡು ದಿನಕ್ಕೆ ಸಾಕು. ಅರ್ಧರ್ಧ ಹಾಕಿ ನಾಲ್ಕು ದಿನ ತಳ್ಳಬಹುದಾ? ಬಾಟಲಿ ಇನ್ಸುಲಿನ್ ಕೊಡ್ತೀವಿ ಅಂತ ಒಬ್ಬರು ಹೇಳಿದರು. ಪಕ್ಕದ ಮನೆಯವರ ಹತ್ತಿರ ಸಿರಿಂಜ್ ಕೂಡ ಇದೆ.

ಫಾರ್ಮಸಿಸ್ಟ್ (ದಾವಣಗೆರೆ): ಅರ್ಧ ಮಾಡಬೇಡಿ ಅಮ್ಮಾ. ಪಕ್ಕದ ಮನೆಯ ಸಿರಿಂಜ್ ಮುಟ್ಟಲೂ ಬೇಡಿ. ನನಗೆ ಹೆದರಿಕೆ ಆಗಿದ್ದು ಅದನ್ನು ಓದಿಯೇ.

ನಮ್ಮಲ್ಲಿ ಸಿಗುವ ಬಾಟಲಿ ಇನ್ಸುಲಿನ್‌ನಲ್ಲಿ ಸಾಮಾನ್ಯವಾಗಿ ಒಂದು ಎಂ.ಎಲ್.ಗೆ 40 ಯೂನಿಟ್ ಇರುತ್ತದೆ. ನೀವು ಪೆನ್‌ಗೆ ಹಾಕುವ ಕಾರ್ಟ್ರಿಡ್ಜ್‌ನಲ್ಲಿ ಒಂದು ಎಂ.ಎಲ್.ಗೆ 100. ಸಿರಿಂಜ್‌ನಲ್ಲೂ ಎರಡು ಜಾತಿ. 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ಬಣ್ಣ ನಂಬಿ ಸುಮ್ಮನಾಗಬೇಡಿ, ಸಿರಿಂಜ್ ಮೇಲಿನ ಅಂಕಿಯನ್ನೂ ಬಾಟಲಿ ಮೇಲಿನ ಅಂಕಿಯನ್ನೂ ಓದಿ. ಎರಡೂ ಒಂದೇ ಇರಬೇಕು.

ನಿಮ್ಮ 24 ಯೂನಿಟ್ ಲೆಕ್ಕವನ್ನೇ ನೋಡಿ. 40ರ ಸಿರಿಂಜ್‌ನಲ್ಲಿ 24ರ ಗೆರೆ ಅಂದರೆ 0.6 ಎಂ.ಎಲ್. ಬಾಟಲಿಯಿಂದ ಎಳೆದರೆ ಸರಿ. ಅದೇ ಸಿರಿಂಜ್‌ನಲ್ಲಿ ಕಾರ್ಟ್ರಿಡ್ಜ್‌ನಿಂದ ಅಷ್ಟೇ ಎಳೆದರೆ ಒಳಗೆ ಹೋಗೋದು 60 ಯೂನಿಟ್. ವಯಸ್ಸಾದವರು ಎಚ್ಚರ ತಪ್ಪಿ ಬೀಳುವಷ್ಟು ಶುಗರ್ ಇಳಿಯಬಹುದು. ಉಲ್ಟಾ ಆದರೆ, ಅಂದರೆ ಬಾಟಲಿಯಿಂದ 100ರ ಸಿರಿಂಜ್‌ನಲ್ಲಿ 24 ಎಳೆದರೆ, ಹೋಗೋದು ಹತ್ತು ಯೂನಿಟ್ ಕೂಡ ಇಲ್ಲ.

ಈ ಎರಡನೇ ತಪ್ಪು ನನ್ನ ಅಂಗಡಿಯಲ್ಲೇ ಆಗಿದೆ. ಕೆಲಸದ ಹುಡುಗ ಬಾಟಲಿಯ ಜೊತೆ ಕಿತ್ತಳೆ ಸಿರಿಂಜ್ ಕೊಟ್ಟುಬಿಟ್ಟ. ಬಿಲ್ ಮಾಡಿದವನು ನಾನು, ನಾನೂ ನೋಡಲಿಲ್ಲ. ಎಂಟು ದಿನ ಬಿಟ್ಟು ಅವರ ಮಗ ಬಂದು, "ಅಪ್ಪನಿಗೆ ಶುಗರ್ ಏರ್ತಾನೇ ಇದೆ, ಆದರೆ ಬಾಟಲಿ ಮುಗಿಯೋದೇ ಇಲ್ಲ, ಒಳ್ಳೇ ಬಾಳಿಕೆ ಬರ್ತಿದೆ" ಅಂದ. ಆಗ ನನಗೆ ಹೊಳೆಯಿತು. ಅವರದೂ ದಿನಕ್ಕೆ 38 ಯೂನಿಟ್. 10 ಎಂ.ಎಲ್. ಬಾಟಲಿಯಲ್ಲಿ 400 ಯೂನಿಟ್ ಇರುತ್ತದೆ, ಹತ್ತು ದಿನಕ್ಕೆ ಮುಗಿಯಬೇಕು. ಎಂಟನೇ ದಿನ ಕಾಲು ಭಾಗ ಉಳಿಯಬೇಕಿದ್ದ ಕಡೆ ಮುಕ್ಕಾಲು ಹತ್ತಿರ ಉಳಿದಿತ್ತು. ಅವತ್ತಿನಿಂದ ಬಾಟಲಿ ಮೇಲೆ ಮುಗಿಯಬೇಕಾದ ತಾರೀಕು ಬರೆದೇ ಕೊಡುತ್ತೇನೆ. ಮುಂಚೆ ಮುಗಿದರೂ ತಪ್ಪು, ತಡವಾಗಿ ಮುಗಿದರೂ ತಪ್ಪು.

ಈಗ ಮಾಡಬೇಕಾದದ್ದು. ಚೀಟಿಯ ಫೋಟೋ ಮತ್ತು ಕಳೆದ ಮೂರು ದಿನದ ಶುಗರ್ ನನಗೆ ಕಳಿಸಿ. ನಾನೇ ನಿಮ್ಮ ಡಾಕ್ಟರಿಗೆ ಫೋನ್ ಮಾಡುತ್ತೇನೆ. "ಸ್ಟಾಕ್ ಇಲ್ಲ ಸಾರ್, ಏನು ಕೊಡಲಿ" ಅಂತ ಕೇಳಿದರೆ ಓಪಿಡಿ ನಡುವೆ ಅವರು ತಾನೇ ಏನು ಹೇಳಿಯಾರು? ಕೈಯಲ್ಲಿ ಏನಿದೆ ಅಂತ ಹೇಳಿ ಕೇಳಬೇಕು. ಅದೇ 30/70 ಬಾಟಲಿ ಇದೆ, ಯೂನಿಟ್ ಅಷ್ಟೇ ಇಟ್ಟು ಕೆಂಪು ಸಿರಿಂಜ್ ಕೊಡಬಹುದಾ? ಬೇರೆ ಕಂಪನಿಯ 30/70 ಕಾರ್ಟ್ರಿಡ್ಜ್ ಇದೆ, ಆದರೆ ಅದಕ್ಕೆ ಆ ಕಂಪನಿಯ ಪೆನ್ನೇ ಬೇಕು. ಮೂರನೆಯದು ಅನಲಾಗ್ ಮಿಕ್ಸ್. ಅದರ ಮೇಲೂ 30 ಅಂತ ಇರುತ್ತದೆ, ಆದರೆ ಅದು ಬೇರೆ ಔಷಧಿ. ಈಗಿನದನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ಹಾಕಿದರೆ, ಅದನ್ನು ತಟ್ಟೆ ಮುಂದೆ ಕೂತಾಗ ಹಾಕಬೇಕು. ಯಾವುದು ಅಂತ ಡಾಕ್ಟರ್ ಹೇಳಿ, ಚೀಟಿಯಲ್ಲಿ ಬರೆದು ಕಳಿಸಲಿ. ಬಾಯಿ ಮಾತಿನ ಮೇಲೆ ನಾನು ಕೊಡಲ್ಲ.

ನಿಟುವಳ್ಳಿಯ ಸದಸ್ಯ: ಕಾರ್ಟ್ರಿಡ್ಜ್ ಯಾವಾಗ ಬರುತ್ತೆ ಸಾರ್?

ಫಾರ್ಮಸಿಸ್ಟ್: ಗೊತ್ತಿಲ್ಲ. ಸ್ಟಾಕಿಸ್ಟ್ ತಾರೀಕು ಕೊಟ್ಟಿಲ್ಲ.

ವಿದ್ಯಾನಗರದ ನಿವೃತ್ತ ಮೇಷ್ಟ್ರು: ಇಷ್ಟೊಂದು ಹೆದರಿಸಬೇಕಾಗಿಲ್ಲ. ನನ್ನ ಪೆನ್ ಕೆಟ್ಟಾಗ ಕಾರ್ಟ್ರಿಡ್ಜ್‌ನಿಂದಲೇ ಸಿರಿಂಜ್‌ನಲ್ಲಿ ಎಳೆದು ಹಾಕಿಕೊಂಡಿದ್ದೇನೆ. ಏನೂ ಆಗಿಲ್ಲ.

ಫಾರ್ಮಸಿಸ್ಟ್: ನಿಮ್ಮ ಸಿರಿಂಜ್ ಯಾವ ಬಣ್ಣ ಮೇಷ್ಟ್ರೇ?

ಮೇಷ್ಟ್ರು: ಕಿತ್ತಳೆ.

ಫಾರ್ಮಸಿಸ್ಟ್: ಅದಕ್ಕೇ ಏನೂ ಆಗಿಲ್ಲ. ನೀವು ಅರ್ಧ ಹೇಳಿದಿರಿ, ಇನ್ನರ್ಧ ಗೊತ್ತಿಲ್ಲದವರು ಕೆಂಪಲ್ಲಿ ಎಳೀತಾರೆ. ಇನ್ನೊಂದು, ಹಾಗೆ ಎಳೆದ ಕಾರ್ಟ್ರಿಡ್ಜನ್ನು ಮತ್ತೆ ಪೆನ್‌ಗೆ ಹಾಕಬೇಡಿ. ಒಳಗೆ ಗಾಳಿ ಸೇರಿರುತ್ತದೆ, ಪೆನ್ ಅಳತೆ ತಪ್ಪುತ್ತದೆ.

ಚನ್ನಗಿರಿಯ ಸದಸ್ಯ: ಹಾಗಲಕಾಯಿ ರಸ ಜೊತೆಗೆ ಮಧುನಾಶಿನಿ ಎಲೆ, 15 ದಿನದಲ್ಲಿ ಇನ್ಸುಲಿನ್ ಬಂದ್! ಎಲ್ಲರಿಗೂ ಶೇರ್ ಮಾಡಿ 🙏

ಫಾರ್ಮಸಿಸ್ಟ್: ಇದನ್ನು ಈ ಗುಂಪಿನಲ್ಲಿ ಮೂರನೇ ಸಲ ನೋಡುತ್ತಿದ್ದೇನೆ. ಸ್ಟಾಕ್ ಇಲ್ಲದ ಹೊತ್ತಿನಲ್ಲಿ ಇಂಥದ್ದು ಹಾಕಿದರೆ ಜನ ನಿಜವಾಗಿಯೂ ಸೂಜಿ ಬಿಡ್ತಾರೆ. ಟೈಪ್ 1 ಇರುವ ಮಗು ಒಂದು ದಿನ ಬಿಟ್ಟರೂ ಐಸಿಯು ಸೇರಬಹುದು. ಹಾಗಲಕಾಯಿ ಪಲ್ಯ ಮಾಡ್ಕೊಂಡು ತಿನ್ನಿ, ಬೇಡ ಅಂದವರು ಯಾರು? ಆದರೆ ಅಳಿಸಿ ಅದನ್ನು.

ಚನ್ನಗಿರಿಯ ಸದಸ್ಯ: ನಿಮ್ಮ ವ್ಯಾಪಾರ ಕಮ್ಮಿ ಆಗುತ್ತೆ ಅಂತ ಸಿಟ್ಟಾ?

ಜಗಳೂರಿನ ಸದಸ್ಯ: ವ್ಯಾಪಾರದ ಮಾತು ಬಂತಲ್ಲ, ಅಂಗಡಿಯವರೇ ಒಳಗೆ ಇಟ್ಕೊಂಡಿದ್ದಾರೆ. ಗುರುತಿನವರಿಗೆ ಸಿಗುತ್ತೆ, ನಮಗೆ "ನಾಳೆ ಬನ್ನಿ". ಬಸ್ ಚಾರ್ಜ್ ಯಾರು ಕೊಡ್ತಾರೆ?

ಕಂಪನಿ ರೆಪ್ ಒಬ್ಬರು: ಅಣ್ಣಾ, ಸ್ಟಾಕಿಸ್ಟ್ ಹತ್ತಿರ ಬರೋದೇ ಕಮ್ಮಿ. ಹತ್ತು ಕೇಳಿದ ಅಂಗಡಿಗೆ ಎರಡು ಕೊಡ್ತಾರೆ.

ಜಗಳೂರಿನ ಸದಸ್ಯ: ಆ ಎರಡು ಯಾರಿಗೆ ಹೋಯ್ತು ಅಂತ ಕೇಳ್ತಿರೋದು.

ಫಾರ್ಮಸಿಸ್ಟ್: ಜಗಳೂರಿನವರ ಸಿಟ್ಟಿನಲ್ಲಿ ಅರ್ಧ ನ್ಯಾಯ ಇದೆ. "ನಾಳೆ ಬನ್ನಿ" ಅನ್ನೋದು ನಮ್ಮ ದಂಧೆಯ ಕೆಟ್ಟ ಚಾಳಿ. ಗಿರಾಕಿ ಬೇರೆ ಅಂಗಡಿಗೆ ಹೋಗದಿರಲಿ ಅಂತ ಹೇಳ್ತಾರೆ. ಅವರು ಮೂರು ದಿನ ಕಾಯ್ತಾರೆ, ಅಷ್ಟರಲ್ಲಿ ಮನೆಯದು ಖಾಲಿ. ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಫೋನ್ ನಂಬರ್, ದಿನಕ್ಕೆ ಎಷ್ಟು ಯೂನಿಟ್, ಮನೆಯಲ್ಲಿ ಎಷ್ಟು ದಿನಕ್ಕಿದೆ. ಮಾಲು ಬಂದರೆ ಕಡಿಮೆ ದಿನ ಉಳಿದವರಿಗೆ ಮೊದಲು, ಒಬ್ಬರಿಗೆ ಒಂದೇ. ಐದು ದಿನಕ್ಕಿಂತ ಕಮ್ಮಿ ಇದ್ದವರನ್ನು ಕಾಯಿಸಲ್ಲ. ಅವತ್ತೇ ಡಾಕ್ಟರಿಗೆ ಫೋನ್.

ಜಗಳೂರಿನ ಸದಸ್ಯ: ಎಲ್ಲರೂ ನಿಮ್ಮ ಹಾಗೆ ಇಲ್ಲ.

ಹೊನ್ನಾಳಿಯ ಸದಸ್ಯೆ: ನನಗೂ ಇದೇ ಪ್ರಾಬ್ಲಂ. ಥೈರಾಯ್ಡ್ 100ರ ಮಾತ್ರೆ ಸಿಗ್ತಿಲ್ಲ, ಯಾವ ಬಣ್ಣದ ಸಿರಿಂಜ್?

ಫಾರ್ಮಸಿಸ್ಟ್: ಅಕ್ಕಾ, ಮಾತ್ರೆಗೆ ಸಿರಿಂಜ್ ಬೇಡ. ಅದೇ ಕಂಪನಿಯ 50ರದ್ದು ಎರಡು ಕೊಡಬಹುದಾ ಅಂತ ಡಾಕ್ಟರನ್ನು ಕೇಳಿ.

ಪಿ.ಜೆ. ಬಡಾವಣೆಯ ಸದಸ್ಯ: ಒಳಗಿನ ಔಷಧಿ ಒಂದೇ ಆದರೆ ಫಾರ್ಮಸಿಸ್ಟೇ ಬ್ರ್ಯಾಂಡ್ ಬದಲಿಸಿ ಕೊಡಬಹುದು. ಜನೌಷಧಿಯಲ್ಲಿ ಕೊಡಲ್ವಾ? ಸುಮ್ನೆ ಡಾಕ್ಟರ್ ಡಾಕ್ಟರ್ ಅಂತ ಓಡಾಡಿಸ್ತೀರಿ.

ಫಾರ್ಮಸಿಸ್ಟ್: ಡಾಕ್ಟರ್ ಔಷಧಿಯ ಹೆಸರು ಬರೆದಿದ್ದರೆ ಸರಿ. ಬ್ರ್ಯಾಂಡ್ ಬರೆದಿದ್ದರೆ, ಶೆಡ್ಯೂಲ್ ಎಚ್ ಔಷಧಿಯಲ್ಲಿ ನಾನಾಗಿಯೇ ಬದಲಿಸುವಂತಿಲ್ಲ. ಡ್ರಗ್ಸ್ ರೂಲ್ಸ್ 65, 11ಎ ಓದಿ. ಲೈಸೆನ್ಸ್ ನನ್ನದು ಹೋಗೋದು, ನಿಮ್ಮದಲ್ಲ.

ಪಿ.ಜೆ. ಬಡಾವಣೆಯ ಸದಸ್ಯ: ಹಾಗಾದರೆ ದಿನಾ ಎಷ್ಟು ಅಂಗಡಿಯಲ್ಲಿ ಬದಲಿಸ್ತಿದ್ದಾರೆ, ಅವರಿಗೆ ಏನಾಗಿದೆ?

ಮಾಯಕೊಂಡದ ಸದಸ್ಯ: ನಮ್ಮೂರಲ್ಲಿ ಕರೆಂಟ್ ಇರಲ್ಲ, ಬಾಟಲಿ ಮಡಕೆಯಲ್ಲಿ ಇಡಬಹುದಾ?

ನಿಟುವಳ್ಳಿಯ ಸದಸ್ಯ: ಯಾವಾಗ ಬರುತ್ತೆ ಅಂತ ಸ್ಟಾಕಿಸ್ಟ್‌ಗೆ ಕೇಳಿ ಹೇಳಿ ಸಾರ್.

ಫಾರ್ಮಸಿಸ್ಟ್: ಮೇಲೆ ಹೇಳಿದ್ದೇನೆ. ಓದಿ.

ಹರಿಹರದ ಸದಸ್ಯೆ: ಸಾರ್, ಡಾಕ್ಟರ್ ಬಾಟಲಿಗೆ ಒಪ್ಪಿ ಚೀಟಿ ಕಳಿಸಿದ್ದಾರೆ. ನಿಮ್ಮ ಅಂಗಡಿಯಿಂದ ತಂದೆ, ಕೆಂಪು ಸಿರಿಂಜ್. ಪಕ್ಕದ ಮನೆಯವರದು ಕಿತ್ತಳೆ ಬಣ್ಣದ್ದು, ವಾಪಸ್ ಕೊಟ್ಟೆ. ಬಾಟಲಿ ಒಳಗೆ ತಳದಲ್ಲಿ ಬಿಳಿ ಕೂತಿದೆ, ಮೇಲೆ ನೀರಿನ ಹಾಗಿದೆ. ಕೆಟ್ಟಿದೆಯಾ?

ಫಾರ್ಮಸಿಸ್ಟ್: ಕೆಟ್ಟಿಲ್ಲ, ಅದು ಇರೋದೇ ಹಾಗೆ. ಕುಲುಕಬೇಡಿ, ಎರಡು ಅಂಗೈ ನಡುವೆ ಹತ್ತು ಸಲ ಮೆಲ್ಲಗೆ ಉರುಳಿಸಿ. ಹಾಲಿನ ಹಾಗೆ ಒಂದೇ ಸಮ ಆಗಬೇಕು. ಆಮೇಲೂ ಗಂಟು ಉಳಿದರೆ ಅಥವಾ ಗಾಜಿಗೆ ಅಂಟಿದರೆ ಹಾಕಬೇಡಿ, ವಾಪಸ್ ತನ್ನಿ. ಫ್ರಿಜ್ ಬಾಗಿಲಲ್ಲಿ ಇಡಿ, ಫ್ರೀಜರ್‌ನಲ್ಲಿ ಬೇಡ. ಮೊದಲ ಮೂರು ದಿನ ಬೆಳಿಗ್ಗೆ, ರಾತ್ರಿ ಎರಡೂ ಹೊತ್ತು ಶುಗರ್ ನೋಡಿ. ಬೆವರು, ನಡುಕ ಬಂದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕೊಡಿ, 15 ನಿಮಿಷಕ್ಕೆ ಮತ್ತೆ ಚೆಕ್ ಮಾಡಿ. ಬಾಟಲಿ ಮೇಲೆ ತಾರೀಕು ಬರೆದಿದ್ದೇನೆ, ನೋಡಿದಿರಾ?

ಹರಿಹರದ ಸದಸ್ಯೆ: ನೋಡಿದೆ ಸಾರ್. ಅಮ್ಮ ಮಾತ್ರ ಸೂಜಿ ದೊಡ್ಡದು ಅಂತ ಮುಖ ತಿರುಗಿಸಿ ಕೂತಿದ್ದಾರೆ.

ಚನ್ನಗಿರಿಯ ಸದಸ್ಯ: ಅದಕ್ಕೇ ಹೇಳಿದ್ದು, ಹಾಗಲಕಾಯಿ.

ಫಾರ್ಮಸಿಸ್ಟ್: ಅಡ್ಮಿನ್, ಇವರನ್ನು ಒಂದು ವಾರ ಹೊರಗಿಡಿ. ನಾನು ಅಂಗಡಿ ಮುಚ್ಚಬೇಕು.