R2 100 ಓಮ್ ಏರಿದರೆ ಔಟ್‌ಪುಟ್ ಎಷ್ಟು ಅಲ್ಲಾಡುತ್ತೆ?

ಕೇಳಿದವರು: 5 ವೋಲ್ಟ್‌ಗೆ ಎರಡು 10 ಕಿಲೋಓಮ್ ರೆಸಿಸ್ಟರ್ ಸೀರೀಸ್‌ನಲ್ಲಿ ಹಾಕಿ ನಡುವಿನಿಂದ ಔಟ್‌ಪುಟ್ ತೆಗೆದಿದ್ದೇನೆ. ಕೆಳಗಿನ R2 1% ಏರಿದರೆ ಔಟ್‌ಪುಟ್ ಎಷ್ಟು ಏರುತ್ತೆ? ಸುಲಭವಾಗಿ ಅಂದಾಜು ಮಾಡಲು ಆಗುತ್ತಾ?

ರಿಪೇರಿ ಕೆಲಸದವರು: ಇದಕ್ಕೆ ಲೆಕ್ಕ ಯಾಕೆ? R2 1% ಏರಿದರೆ ಔಟ್‌ಪುಟ್ಟೂ 1% ಏರುತ್ತೆ. 25 ಮಿಲಿವೋಲ್ಟ್, ಅಷ್ಟೇ.

ಲ್ಯಾಬ್‌ನವರು: ಏರುತ್ತೆ ಅನ್ನೋದು ಸರಿ ಸರ್, ಆದರೆ ನಿಮ್ಮ ಉತ್ತರ ದುಪ್ಪಟ್ಟಾಗಿದೆ. ಸೂತ್ರದಲ್ಲಿ R2 ಮೇಲೂ ಇದೆ, ಕೆಳಗೂ ಇದೆ. ಅದು ಏರಿದಾಗ ಛೇದವೂ ಬೆಳೆದು ಅರ್ಧ ಲಾಭ ತಿಂದುಬಿಡುತ್ತೆ.

```
V = Vin*R2/(R1+R2)
dV/dR2 = Vin*R1/(R1+R2)^2
```

ಗಮನಿಸಿ, ಡಿಫರೆನ್ಶಿಯೇಟ್ ಮಾಡಿದ ಮೇಲೆ ಮೇಲ್ಗಡೆ ಉಳಿಯೋದು R1, R2 ಅಲ್ಲ. ನಿಮ್ಮ ಬೆಲೆಗಳನ್ನು ಹಾಕಿದರೆ ಒಂದು ಓಮ್‌ಗೆ 0.125 ಮಿಲಿವೋಲ್ಟ್. 100 ಓಮ್‌ಗೆ 12.5. ಪೂರ್ತಿ ಲೆಕ್ಕ ಮಾಡಿದರೆ 12.44 ಬರುತ್ತೆ.

ನಾನೂ ಒಮ್ಮೆ ಛೇದವನ್ನು ಮರೆತು ಇದೇ 25 ಬರೆದಿದ್ದೆ. R2 ಜೊತೆ 100 ಓಮ್ ಸೀರೀಸ್ ಹಾಕಿ ಅಳೆದೆ. ಮೀಟರ್ 20 ವೋಲ್ಟ್ ರೇಂಜ್‌ನಲ್ಲಿತ್ತು, 10 ಮಿಲಿವೋಲ್ಟ್‌ಗಿಂತ ಚಿಕ್ಕದನ್ನು ತೋರಿಸುತ್ತಿರಲಿಲ್ಲ. ಏನೂ ಗೊತ್ತಾಗಲಿಲ್ಲ. ಆಮೇಲೆ ಅದೇ 5 ವೋಲ್ಟ್‌ಗೆ ಇನ್ನೊಂದು ಜೋಡಿ ರೆಸಿಸ್ಟರ್ ಹಾಕಿ, ಎರಡು ಜೋಡಿಗಳ ನಡುಬಿಂದುಗಳಿಗೆ ಮೀಟರ್ ಹಿಡಿದೆ. 200 ಮಿಲಿವೋಲ್ಟ್ ರೇಂಜ್ ಸಾಕಾಯಿತು. 100 ಓಮ್ ಹಾಕುವ ಮೊದಲಿನ ರೀಡಿಂಗನ್ನು ಕಳೆದಾಗ 12ರ ಆಸುಪಾಸು ಬಂತು.

ಈ ಅಂದಾಜು ಚಿಕ್ಕ ಬದಲಾವಣೆಗೆ ಮಾತ್ರ. R2 10% ಏರಿದರೆ ಅಂದಾಜು 125, ನಿಜ 119. 50% ಏರಿದರೆ ಅಂದಾಜು 625, ನಿಜ ಬರೀ 500. R2 ಏರಿದಷ್ಟೂ ಇಳಿಜಾರು ಕಡಿಮೆಯಾಗುತ್ತೆ, ಅದಕ್ಕೇ ಈ ಅಂದಾಜು ಜಾಸ್ತಿ ತೋರಿಸುತ್ತೆ.

ಇನ್ನೊಬ್ಬರು: ನನ್ನದು LM317 ವೋಲ್ಟೇಜ್ ರೆಗ್ಯುಲೇಟರ್. ಔಟ್‌ಪುಟ್ಟಿನಿಂದ ಅಡ್ಜಸ್ಟ್ ಕಾಲಿಗೆ 240 ಓಮ್, ಅಲ್ಲಿಂದ ಗ್ರೌಂಡ್‌ಗೆ 720. ಇಲ್ಲೂ ಅರ್ಧ ಮಾಡಬೇಕಾ?

ಲ್ಯಾಬ್‌ನವರು: ಇಲ್ಲ, ಅದರ ಸೂತ್ರವೇ ಬೇರೆ: `1.25*(1+R2/R1)`, ಇಲ್ಲಿ R1 240, R2 720. 720 ಒಂದು ಓಮ್ ಏರಿದರೆ ಔಟ್‌ಪುಟ್ ಸುಮಾರು 5.2 ಮಿಲಿವೋಲ್ಟ್ ಏರುತ್ತೆ. 240 ಒಂದು ಓಮ್ ಏರಿದರೆ ಸುಮಾರು 15.6 ಇಳಿಯುತ್ತೆ. ಒಳ್ಳೆಯ ರೆಸಿಸ್ಟರ್ ಒಂದೇ ಇದ್ದರೆ ಎಲ್ಲಿ ಹಾಕಲಿ ಅಂತ ಕೇಳಬೇಡಿ. ಓಮ್ ಲೆಕ್ಕದಲ್ಲಿ 240 ಸೂಕ್ಷ್ಮ, ಶೇಕಡಾ ಲೆಕ್ಕದಲ್ಲಿ ಎರಡೂ ಒಂದೇ.

ರಿಪೇರಿ ಕೆಲಸದವರು: ಸರಿ, ಒಪ್ಪಿದೆ. ಆದರೆ ಮೊದಲನೇ ಸರ್ಕ್ಯೂಟ್‌ನಲ್ಲಿ R1 1% ಇಳಿದು R2 1% ಏರಿದರೆ?

ಲ್ಯಾಬ್‌ನವರು: ಆಗ 12.5 ಮತ್ತು 12.5 ಸೇರಿ ನಿಮ್ಮ 25 ಬರುತ್ತೆ! ಎರಡೂ ಒಟ್ಟಿಗೆ ಬಿಸಿಯಾಗಿ ಒಂದೇ ಪ್ರಮಾಣದಲ್ಲಿ ಏರಿದರೆ ಮಾತ್ರ ಸೊನ್ನೆ.

ಕೇಳಿದವರು: ನನ್ನ R2 ನಿಜಕ್ಕೂ ಥರ್ಮಿಸ್ಟರ್, ಬಿಸಿಯಾದರೆ ತುಂಬಾ ಇಳಿಯುತ್ತೆ. R1 ಎಷ್ಟಿಡಲಿ?

ಲ್ಯಾಬ್‌ನವರು: ನಿಮಗೆ ಮುಖ್ಯವಾದ ಬಿಸಿಯಲ್ಲಿ R2 ಎಷ್ಟಿರುತ್ತೋ ಅಷ್ಟೇ R1 ಇಡಿ, ಆ ಬಿಸಿಯಲ್ಲಿ ಇಳಿಜಾರು ಗರಿಷ್ಠವಾಗೋದು ಆ R1ಗೇ. ಇಡೀ ವ್ಯಾಪ್ತಿಗೆ ಒಂದೇ R1 ಬೇಕು ಅಂದರೆ ಎಲ್ಲೋ ಒಂದು ಕಡೆ ಬಿಟ್ಟುಕೊಡಬೇಕು. ಯಾವ ಕಡೆ ಅನ್ನೋದನ್ನು ನೀವೇ ಹೇಳಬೇಕು.