ಮುದ್ದೆಯ ಜಿಎಲ್ ಲೆಕ್ಕ: ನಾರು ಕಳೆಯಬೇಕಾ, ಬೇಡವಾ?

ಸಹನಾ: ಡಯಟೆಟಿಕ್ಸ್ ಪರೀಕ್ಷೆ ಹತ್ತಿರ ಬಂತು. ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತೆ ಅಂತ ಹೇಳೋ ಗ್ಲೈಸೀಮಿಕ್ ಇಂಡೆಕ್ಸ್, ಅಂದ್ರೆ ಜಿಐ ಕೊಟ್ಟು, ತಿನ್ನೋ ಪ್ರಮಾಣವನ್ನೂ ಸೇರಿಸಿದ ಗ್ಲೈಸೀಮಿಕ್ ಲೋಡ್, ಅಂದ್ರೆ ಜಿಎಲ್ ಕೇಳಿದರೆ ನನಗೂ ಗೆಳತಿಗೂ ಬೇರೆ ಬೇರೆ ಉತ್ತರ ಬರುತ್ತೆ. ಅನ್ನ, ಮುದ್ದೆಗೆಲ್ಲ ನೀವು ಹೇಗೆ ಲೆಕ್ಕ ಹಾಕಿದ್ರಿ?

ರೇಖಾ: ತಟ್ಟೆಯಲ್ಲಿರೋ ಕಾರ್ಬೋಹೈಡ್ರೇಟ್ ಎಷ್ಟು ಗ್ರಾಂ ಅಂತ ತೆಗೆದು, ಜಿಐಯಿಂದ ಗುಣಿಸಿ, 100ರಿಂದ ಭಾಗಿಸಿ, ಅಷ್ಟೇ. ನಾರಿನ ಅಂಶ ಕಳೆಯೋದು ಮಾತ್ರ ಮರೀಬೇಡಿ, ಅದು ರಕ್ತದ ಸಕ್ಕರೆ ಏರಿಸಲ್ಲ. ನಾವಂತೂ ಪ್ರತಿ ಲೆಕ್ಕದಲ್ಲೂ ಕಳೆದೇ ಬರೀತಿದ್ವಿ.

ಮಂಜುನಾಥ: ರೇಖಾ ಅವರೇ, ನಾರು ಸೇರಬಾರದು ಅನ್ನೋದು ಸರಿ. ಆದರೆ ಕಾರ್ಬೋಹೈಡ್ರೇಟ್ ಅಂಕಿ ತೆಗೆದ ಪೋಷಕಾಂಶಗಳ ಪಟ್ಟಿ ಯಾವುದು ಅಂತ ಮೊದಲು ನೋಡಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಎನ್‌ಐಎನ್ 2017ರಲ್ಲಿ ತಂದ ಪಟ್ಟಿಯಲ್ಲಿ ನಾರನ್ನು ಮೊದಲೇ ಬಿಟ್ಟಿರುತ್ತಾರೆ. ಬೇಕಾದರೆ 100 ಗ್ರಾಂ ರಾಗಿಯ ಸಾಲನ್ನು ಗ್ರಾಂಗಳಲ್ಲಿ ಕೂಡಿಸಿ ನೋಡಿ: ನೀರು 10.9, ಪ್ರೋಟೀನ್ 7.2, ಬೂದಿ 2, ಕೊಬ್ಬು 1.9, ನಾರು 11.2, ಕಾರ್ಬೋಹೈಡ್ರೇಟ್ 66.8. ಸರಿಯಾಗಿ 100 ಬರುತ್ತೆ. ಅಂದ್ರೆ ನಾರು ಬೇರೆಯೇ ಕೂತಿದೆ, ಮತ್ತೆ ಕಳೆದರೆ ಎರಡು ಸಲ ಕಳೆದ ಹಾಗೆ. ಅಮೆರಿಕದ ಪಟ್ಟಿಯಲ್ಲಿ ನಾರೂ ಸೇರಿರುತ್ತೆ, ಅಲ್ಲಿ ಕಳೀಲೇಬೇಕು.

ಸಹನಾ, 75 ಗ್ರಾಂ ಹಿಟ್ಟಿನ ಮುದ್ದೆ, ಜಿಐ 68 ಅಂತ ಕೊಟ್ಟರೆ ಕಾರ್ಬೋಹೈಡ್ರೇಟ್ 50.1 ಗ್ರಾಂ, ಜಿಎಲ್ 34. ಎರಡು ಸಲ ಕಳೆದವರಿಗೆ 28 ಬರುತ್ತೆ. 20 ದಾಟಿದರೆ ಜಾಸ್ತಿ ಅಂತಲೇ ಲೆಕ್ಕ, ಹಾಗಾಗಿ ವರ್ಗ ತಪ್ಪಲ್ಲ, ಅಂಕಿ ತಪ್ಪುತ್ತೆ. ಬಹುಶಃ ನಿಮ್ಮಿಬ್ಬರ ಉತ್ತರ ಬೇರೆಯಾಗ್ತಿರೋದು ಇಲ್ಲೇ.

ರಮೇಶ: ನಮ್ಮ ತಂದೆಗೆ ಶುಗರ್ ಇದೆ. ಅನ್ನ ಬಿಟ್ಟು ಎರಡು ಹೊತ್ತೂ ಮುದ್ದೆ ಕೊಡ್ತಿದೀವಿ, ಆದ್ರೂ ಊಟ ಆದ ಮೇಲೆ ನೋಡಿದ್ರೆ ಇಳಿದೇ ಇಲ್ಲ. ರಾಗಿ ಒಳ್ಳೇದು ಅಂತಾರಲ್ಲ ಸರ್?

ಮಂಜುನಾಥ: ಇಲ್ಲಿ ಪರೀಕ್ಷೆಯ ಲೆಕ್ಕ ನಡೀತಿದೆ ರಮೇಶ್, ಆದರೂ ನಿಮ್ಮ ಮಾತು ಇದಕ್ಕೇ ಬರುತ್ತೆ. ಮುದ್ದೆ ದೊಡ್ಡದಾದಷ್ಟೂ ಜಿಎಲ್ ಏರುತ್ತೆ. ಔಷಧ ಮಾತ್ರ ಡಾಕ್ಟರನ್ನು ಕೇಳದೆ ಬದಲಾಯಿಸಬೇಡಿ, ಮುದ್ದೆಯ ಗಾತ್ರವನ್ನು ಅವರಿಗೆ ಹೇಳಿ.

ಅಸ್ಮಾ: ಅನ್ನದಲ್ಲಿ ಇನ್ನೊಂದು ಕಡೆ ಎಡವ್ತಾರೆ. ಪ್ರಶ್ನೆಯಲ್ಲಿ 150 ಗ್ರಾಂ ಬೆಂದ ಅನ್ನ ಅಂತ ಇರುತ್ತೆ, ಪಟ್ಟಿಯಲ್ಲಿರೋದು ಅಕ್ಕಿ. ಅಕ್ಕಿ ಬೆಂದಾಗ ಸುಮಾರು ಮೂರು ಪಟ್ಟು ತೂಗುತ್ತೆ, ಹಾಗಾಗಿ 50 ಗ್ರಾಂ ಅಕ್ಕಿ ಅಂತ ಹಿಡಿದ್ರೆ ಕಾರ್ಬೋಹೈಡ್ರೇಟ್ 39 ಗ್ರಾಂ, ಜಿಐ 73ಕ್ಕೆ ಜಿಎಲ್ 28ರ ಹತ್ತಿರ. ಅಕ್ಕಿಯ ಅಂಕಿಯನ್ನೇ 150ಕ್ಕೆ ಹಾಕಿದ್ರೆ 86 ಬರುತ್ತೆ. ಒಂದು ಬಟ್ಟಲು ಅನ್ನಕ್ಕೆ 86 ಅಂತ ಬಂದ ಕೂಡಲೇ ತೂಕ ನೋಡಿ.

ಸಹನಾ: ಎರಡು ಸಲ ಕಳೆದಿದ್ದು ನನ್ನ ಗೆಳತಿಯೇ! ಜಿಐ ಕೊಡದೇ ಕೇಳಿದ್ರೆ ರಾಗಿಗೆ ಎಷ್ಟು ಹಿಡೀಲಿ?

ರೇಖಾ: ನಮ್ಮ ನೋಟ್ಸಲ್ಲಿ ಕಡಿಮೆ ಅಂತಲೇ ಇತ್ತು.

ಮಂಜುನಾಥ: ನಾನು ಒಪ್ಪಲ್ಲ. ತಳಿ, ಹಿಟ್ಟಿನ ನುಣುಪು, ಅಡುಗೆ ಬದಲಾದ ಹಾಗೆ ಅಂಕಿ ತುಂಬಾ ಬದಲಾಗುತ್ತೆ. ಜಿಐಯನ್ನು ಯಾವ ಪಟ್ಟಿಯಿಂದ ಹಿಡಿದೆ ಅಂತ ಉತ್ತರದಲ್ಲೇ ಬರೀರಿ.

ರೇಖಾ: ಒಂದು ಅಂಕದ ಪ್ರಶ್ನೆಯಲ್ಲಿ ಅದಕ್ಕೆಲ್ಲ ಜಾಗ ಎಲ್ಲಿದೆ ಸರ್?