ಕ್ಲೈಂಟ್ ಕಳಿಸಿದ ಬಿಟ್‌ಕಾಯಿನ್ ಸಹಿ ವೆರಿಫೈ ಆಗ್ತಿಲ್ಲ, ಮಾರ್ಚ್ 31ರ ಬ್ಯಾಲೆನ್ಸೂ ತಾಳೆ ಆಗ್ತಿಲ್ಲ

ಹೆಬ್ಬಾಳ್_ಆರ್ಟಿಕಲ್: ಎರಡು ದಿನದಿಂದ ತಲೆ ಕೆಟ್ಟುಹೋಗಿದೆ. ಮೈಸೂರಿನದೇ ಪ್ರೈವೇಟ್ ಲಿಮಿಟೆಡ್ ಕಂಪನಿ, ಪುಸ್ತಕದಲ್ಲಿ 1.6 ಬಿಟ್‌ಕಾಯಿನ್ ಇದೆ. ವ್ಯಾಲೆಟ್ ಅವರದೇ ಅನ್ನೋದಕ್ಕೆ ಸಹಿ ಮಾಡಿದ ಮೆಸೇಜ್ ಕೊಟ್ಟಿದ್ದಾರೆ, ವೆರಿಫೈ ಆಗ್ತಿಲ್ಲ. ಎಕ್ಸ್‌ಪ್ಲೋರರ್ ನೋಡಿದ್ರೆ 31ರ ಕೊನೆಗೆ ಬರೀ 1.2. ನಾಳೆ ಸರ್ ಫೈಲ್ ಕೇಳ್ತಾರೆ.

ಕೆಆರ್‌ಎಸ್_ರಸ್ತೆ: ಮೆಸೇಜ್ ಕೊನೆಗೆ ಒಂದು ಸ್ಪೇಸ್ ಸೇರ್ಕೊಂಡಿರುತ್ತೆ. ಒಂದಕ್ಷರ ಆಚೀಚೆ ಆದ್ರೂ ಸಹಿ ಹೊಂದಲ್ಲ.

ಹೆಬ್ಬಾಳ್_ಆರ್ಟಿಕಲ್: ಸ್ಪೇಸ್ ಎಲ್ಲಾ ತೆಗೆದು ನೋಡಿದೆ ಸರ್. ಅದೇ ಕಥೆ.

ಕೆಆರ್‌ಎಸ್_ರಸ್ತೆ: ಹಾಗಾದ್ರೆ ವಾಟ್ಸಾಪ್‌ನಲ್ಲಿ ಕೋಟ್ ಗುರುತು ಬದಲಾಗಿದೆ. ಇಮೇಲ್‌ನಲ್ಲಿ ತರಿಸ್ಕೊಳಿ. ನಾನಂತೂ ಕಂಪ್ಯೂಟರಿಗೆ ನೆಟ್ಟೇ ಕೊಡದೆ, ಎರಡು ಹಾರ್ಡ್‌ವೇರ್ ವ್ಯಾಲೆಟ್, ಸ್ಟೀಲ್ ತಗಡಿನ ಮೇಲೆ ಸೀಡ್...

ಮಂಡ್ಯದ್_ಹೈದ: ಅಣ್ಣಾ, ನಂಗೆ 1% ಟಿಡಿಎಸ್ ಹಿಡಿದವ್ರೆ. ನಷ್ಟದ ಜೊತೆ ವಜಾ ಮಾಡ್ಕೋಬೌದಾ?

ಲೆಕ್ಕದ_ಪುಸ್ತಕ: ಹೈದ, ಟಿಡಿಎಸ್ ಕ್ರೆಡಿಟ್ ರಿಟರ್ನ್‌ನಲ್ಲಿ ಸಿಗುತ್ತೆ, ಕ್ರಿಪ್ಟೋ ನಷ್ಟ ಮಾತ್ರ ಯಾವುದರ ಜೊತೆಗೂ ವಜಾ ಆಗಲ್ಲ. ಉಳಿದದ್ದಕ್ಕೆ ಬೇರೆ ಥ್ರೆಡ್ ಮಾಡಿ.

ಹೆಬ್ಬಾಳ್, "ವೆರಿಫೈ ಆಗ್ತಿಲ್ಲ" ಅಂದ್ರೆ ಪರದೆ ಮೇಲೆ ಏನು ಬಂತು? ವಿಳಾಸ ಯಾವ ಅಕ್ಷರದಿಂದ ಶುರು? ಸಹಿ ಯಾವ ವ್ಯಾಲೆಟ್‌ನಲ್ಲಿ ಮಾಡಿದ್ದು?

ಹೆಬ್ಬಾಳ್_ಆರ್ಟಿಕಲ್: ಅದನ್ನ ಹೇಳೋದೇ ಬಿಟ್ಟೆ ಮೇಡಂ. ವಿಳಾಸ bc1q, ಸಹಿ ಎಲೆಕ್ಟ್ರಮ್‌ನಲ್ಲಿ. ನಾನು ಬಿಟ್‌ಕಾಯಿನ್ ಕೋರ್‌ನಲ್ಲಿ `verifymessage` ಕೊಟ್ಟೆ:

```
error code: -3
error message:
Address does not refer to key
```

ಲೆಕ್ಕದ_ಪುಸ್ತಕ: ಸ್ಪೇಸ್ ತಪ್ಪಿದ್ರೆ `false` ಬರುತ್ತಿತ್ತು. ಇದು ಎರರ್. ಅಂದ್ರೆ ಕೋರ್ ಸಹಿಯನ್ನ ಪರೀಕ್ಷೆ ಮಾಡೇ ಇಲ್ಲ. ಆ ಕಮಾಂಡ್ 1ರಿಂದ ಶುರುವಾಗೋ ಹಳೇ ವಿಳಾಸಕ್ಕೆ ಮಾತ್ರ. ನಿಮ್ಮ ಆಫೀಸಿನ ಕಂಪ್ಯೂಟರಲ್ಲೇ ಎಲೆಕ್ಟ್ರಮ್ ಹಾಕ್ಕೊಂಡು, ಟೂಲ್ಸ್ ಮೆನುವಿನಲ್ಲಿ ವೆರಿಫೈ ಮಾಡಿ. ಕ್ಲೈಂಟ್ ಪರದೆ ತೋರಿಸಿ "ನೋಡಿ ಬಂತು" ಅಂದ್ರೆ ಒಪ್ಕೋಬೇಡಿ.

ಹೆಬ್ಬಾಳ್_ಆರ್ಟಿಕಲ್: Signature verified ಬಂತು!! ಉಸಿರು ಬಂದಂಗಾಯ್ತು.

ಕೆಆರ್‌ಎಸ್_ರಸ್ತೆ: ಮುಗೀತಲ್ಲ. ಕೀ ಅವರ ಕೈಲಿದೆ, ಆಸ್ತಿ ಅವರದು. ಫೈಲ್ ಮಾಡಿ.

ಲೆಕ್ಕದ_ಪುಸ್ತಕ: ಮುಗಿದಿಲ್ಲ. ಮೆಸೇಜ್‌ನಲ್ಲಿ ಏನು ಬರೆದಿದೆ?

ಹೆಬ್ಬಾಳ್_ಆರ್ಟಿಕಲ್: "ಈ ವಿಳಾಸ ನಮ್ಮ ಕಂಪನಿಯದು" ಅಂತ. ಅಷ್ಟೇ.

ಲೆಕ್ಕದ_ಪುಸ್ತಕ: ಅದನ್ನ ಹೋದ ವರ್ಷವೇ ಮಾಡಿಟ್ಟಿರಬಹುದು, ಕೀ ಇದ್ದ ಬೇರೆಯವರು ಮಾಡಿಕೊಟ್ಟಿರಬಹುದು. ಮೆಸೇಜ್ ನೀವು ಬರೆದುಕೊಡಿ: ಕಂಪನಿ ಹೆಸರು, ಇವತ್ತಿನ ತಾರೀಕು, ಈಗಷ್ಟೇ ಬಂದ ಬ್ಲಾಕ್‌ನ ಹ್ಯಾಶ್. ಆ ಹ್ಯಾಶ್ ಮೊದಲೇ ಯಾರಿಗೂ ಗೊತ್ತಿರೋಕೆ ಸಾಧ್ಯವಿಲ್ಲ, ಆದ್ದರಿಂದ ಸಹಿ ಆಮೇಲೆ ಮಾಡಿದ್ದೇ ಅಂತ ಖಾತ್ರಿ. ನಿಮ್ಮ ಎದುರಿಗೇ ಮಾಡಿಸಿ. ಆಗಲೂ ಸಾಬೀತಾಗೋದು ಇವತ್ತು ಕೀ ಬಳಸೋಕೆ ಆಗುತ್ತೆ ಅನ್ನೋದಷ್ಟೇ. ಸೀಡ್‌ನ ನಕಲು ಇನ್ನೊಬ್ಬರ ಬೀರುವಿನಲ್ಲಿದ್ರೆ ಸಹಿ ನೋಡಿ ತಿಳಿಯಲ್ಲ. ಸೀಡ್ ಎಲ್ಲಿದೆ, ಒಬ್ಬರೇ ಹಣ ಕಳಿಸಬಹುದಾ, ಬೋರ್ಡ್ ಯಾರಿಗೆ ಅಧಿಕಾರ ಕೊಟ್ಟಿದೆ, ಇವನ್ನ ಬೇರೆ ಬೇರೆ ಜನರ ಹತ್ರ ಕೇಳಿ ಬರೆದಿಡಿ. ಸೀಡ್ ಪದಗಳನ್ನ ಮಾತ್ರ ನೀವು ನೋಡಲೂಬಾರದು, ಆಮೇಲೆ ಏನಾದ್ರೂ ಕಳುವಾದ್ರೆ ನಿಮ್ಮ ಮೇಲೂ ಬೆರಳು ಬರುತ್ತೆ.

ಇನ್ನು 0.4. ಅದು ಹೊರಗೆ ಹೋದ ಹೊತ್ತು ಎಷ್ಟು?

ಹೆಬ್ಬಾಳ್_ಆರ್ಟಿಕಲ್: ಮಾರ್ಚ್ 31, 19:05.

ಲೆಕ್ಕದ_ಪುಸ್ತಕ: ಎಕ್ಸ್‌ಪ್ಲೋರರ್ ಯುಟಿಸಿಯಲ್ಲಿ ತೋರಿಸ್ತಿದ್ರೆ ಐದೂವರೆ ಗಂಟೆ ಕೂಡಿಸಿ: ನಮ್ಮಲ್ಲಿ ಏಪ್ರಿಲ್ 1, ರಾತ್ರಿ 12:35. ನಮ್ಮ ವರ್ಷ ಮುಗಿಯೋದು ಯುಟಿಸಿ 18:30ಕ್ಕೆ, ಹಾಗಾಗಿ 1.6 ಸರಿ. ಆದರೆ ಬ್ಲಾಕ್ ಮೇಲಿನ ಹೊತ್ತು ಮೈನರ್ ಹಾಕಿದ್ದು, ಆಚೀಚೆ ಇರುತ್ತೆ. ಅಂತರ 35 ನಿಮಿಷವಷ್ಟೇ, ಅಕ್ಕಪಕ್ಕದ ಬ್ಲಾಕ್‌ಗಳ ಹೊತ್ತನ್ನೂ ಗುರುತು ಹಾಕ್ಕೊಳಿ. ಸ್ವಂತ ನೋಡ್ ಇದೆಯಲ್ಲ, ಅದರಲ್ಲೂ ತಾಳೆ ನೋಡಿ.

ಚಾಮುಂಡಿ_ತಪ್ಪಲು: ಬೆಲೆ ಹೇಗೆ ಹಾಕಿದ್ದಾರೆ? ಮಾರುಕಟ್ಟೆ ದರಕ್ಕೆ ಏರಿಸಿ ಲಾಭ ತೋರಿಸಿದ್ರೆ ಕಷ್ಟ. ಇಂಡ್ ಎಎಸ್ ಕಂಪನಿಗೆ ಸಕ್ರಿಯ ಮಾರುಕಟ್ಟೆ ಇದ್ರೆ ಮರುಮೌಲ್ಯಮಾಪನಕ್ಕೆ ದಾರಿ ಇದೆ. ಈ ಸಣ್ಣ ಕಂಪನಿ ಎಎಸ್ 26ರಡಿ ಬಂದ್ರೆ ಕೊಂಡ ಬೆಲೆಗಿಂತ ಮೇಲೆ ಹೋಗೋ ಹಾಗಿಲ್ಲ.

ಕೆಆರ್‌ಎಸ್_ರಸ್ತೆ: ಹಾಗಾದ್ರೆ 10 ವರ್ಷದಲ್ಲಿ ಸವಕಳಿನೂ ಹಾಕ್ಬೇಕಲ್ಲ? ಬಿಟ್‌ಕಾಯಿನ್ ಸವೆಯುತ್ತಾ?

ಚಾಮುಂಡಿ_ತಪ್ಪಲು: ಆ 10 ವರ್ಷ ಖಂಡಿಸಬಹುದಾದ ಊಹೆ ಅಷ್ಟೇ. ಸಕ್ರಿಯ ಮಾರುಕಟ್ಟೆ ಇದ್ರೆ ಉಳಿಕೆ ಮೌಲ್ಯ ಹಿಡಿಯೋಕೂ ಅವಕಾಶ ಇದೆ, ಆಗ ಸವಕಳಿ ಹೆಚ್ಚುಕಮ್ಮಿ ಸೊನ್ನೆಗೆ ಇಳೀಬಹುದು.

ಲೆಕ್ಕದ_ಪುಸ್ತಕ: ಹತ್ತು ವರ್ಷದ ಮೇಲೂ ಆ ಮಾರುಕಟ್ಟೆ ಇರುತ್ತೆ ಅಂತ ಯಾರು ಬರ್ಕೊಡ್ತಾರೆ? ನಾನು ಒಪ್ಪಲ್ಲ. ಅದೇನೇ ಇರ್ಲಿ, ಷೆಡ್ಯೂಲ್ III ಟಿಪ್ಪಣಿ ಬಿಡಬೇಡಿ. 2021ರ ಏಪ್ರಿಲ್‌ನಿಂದ ಲಾಭ-ನಷ್ಟ, ವರ್ಷಾಂತ್ಯದ ಪ್ರಮಾಣ, ಬೇರೆಯವರಿಂದ ಪಡೆದ ಠೇವಣಿ ಮೂರೂ ತೋರಿಸ್ಬೇಕು. ಹೆಬ್ಬಾಳ್, ಆ ವಿಳಾಸಕ್ಕೆ ಕಾಯಿನ್ ಬಂದಿದ್ದು ಎಲ್ಲಿಂದ? ಎಕ್ಸ್‌ಚೇಂಜ್ ಸ್ಟೇಟ್‌ಮೆಂಟ್‌ನ ಟ್ರಾನ್ಸಾಕ್ಷನ್ ಐಡಿ, ಕಂಪನಿ ಬ್ಯಾಂಕ್ ಖಾತೆಯ ಪಾವತಿ ಎರಡೂ ಜೋಡಿಸಿ.

ಹೆಬ್ಬಾಳ್_ಆರ್ಟಿಕಲ್: ಈಗ ನೋಡಿದೆ ಮೇಡಂ. ದುಡ್ಡು ಕಂಪನಿ ಖಾತೆಯಿಂದ ಡೈರೆಕ್ಟರ್ ಖಾತೆಗೆ ಹೋಗಿದೆ. ಎಕ್ಸ್‌ಚೇಂಜ್ ಕೆವೈಸಿ ಡೈರೆಕ್ಟರ್ ಪ್ಯಾನ್‌ನಲ್ಲಿ.

ಕೆಆರ್‌ಎಸ್_ರಸ್ತೆ: ಓ.

ಲೆಕ್ಕದ_ಪುಸ್ತಕ: ಹಾಗಾದ್ರೆ ಇದು ಕಂಪನಿಯ ಕಾಯಿನ್ನೋ, ಡೈರೆಕ್ಟರ್‌ಗೆ ಕೊಟ್ಟ ಸಾಲವೋ? ಖರೀದಿಗೆ *ಮುಂಚೆ* ಆದ ಬೋರ್ಡ್ ರೆಸಲ್ಯೂಷನ್ ಇದೆಯಾ ಕೇಳಿ. ಈಗ ಬರೆದು ಹಳೇ ತಾರೀಕು ಹಾಕಿ ಕೊಡ್ತಾರೆ, ಮಿನಿಟ್ಸ್ ಪುಸ್ತಕದ ಪುಟ ಸಂಖ್ಯೆ ನೋಡಿ. ಸಾಲ ಅಂತಾದ್ರೆ ಸೆಕ್ಷನ್ 185ಕ್ಕೂ ಹೋಗ್ಬೇಕಾಗುತ್ತೆ.

ಹೆಬ್ಬಾಳ್_ಆರ್ಟಿಕಲ್: ಮಿನಿಟ್ಸ್ ಕೇಳಿದ್ದೀನಿ. "ಸೋಮವಾರ ಕೊಡ್ತೀವಿ" ಅಂದಿದ್ದಾರೆ.